ಟ್ರೆಂಡ್ ಕೆಳಗೆ ಯಾರಿದ್ದಾರೆ?

ಹಾಸನದಲ್ಲಿ ಸಣ್ಣಪುಟ್ಟ ವ್ಯಾಪಾರ ಮಾಡೋರ ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ವಾಟ್ಸಾಪ್ ಸ್ಟೇಟಸ್ ನೋಡ್ಕೊಳ್ಳೋದು ನನ್ನ ಕೆಲಸ. ಒಂದು ಕಾಫಿ ಪುಡಿ ಅಂಗಡಿ, ಒಂದು ಗಾಣದ ಎಣ್ಣೆ, ಒಂದು ಬೇಕರಿ, ಸಕಲೇಶಪುರದ ಕಡೆ ಒಂದು ಹೋಂಸ್ಟೇ, ಹಿಂಗೆ. ಇವರೆಲ್ಲರಿಂದಲೂ ಬರೋ ಮೆಸೇಜ್ ಮಾತ್ರ ಒಂದೇ ಥರ. ಯಾವುದೋ ರೀಲ್ಸ್ ಕಳಿಸ್ತಾರೆ, ಕೆಳಗೆ "ಇದು ಸಖತ್ ಓಡ್ತಿದೆ, ನಮ್ದೂ ಒಂದು ಹಾಕ್ಬಿಡೋಣ, ಬೇಗ" ಅಂತ. ಆ "ಬೇಗ" ಅನ್ನೋದು ನನ್ನನ್ನ ಬಹಳ ದಿನದಿಂದ ಕಾಡ್ತಾ ಇದೆ. ಟ್ರೆಂಡ್ ಅಂದ್ಮೇಲೆ ಬೇಗ ಹಾಕ್ಬೇಕು ನಿಜ, ತಡ ಆದ್ರೆ ಯಾರೂ ನೋಡಲ್ಲ, ಅದೂ ನಿಜ. ಆದ್ರೆ ಬೇಗ ಹಾಕೋ ಆತುರದಲ್ಲಿ ಜನ ಕೇಳ್ಕೊಳ್ಳೋದು ಒಂದೇ ಪ್ರಶ್ನೆ, ಇದು ತಮಾಷೆಯಾಗಿದೆಯಾ ಅಂತ. ತಮಾಷೆ ಇಲ್ಲದ ಪೋಸ್ಟ್‌ನಿಂದ ಯಾರ ವ್ಯಾಪಾರವೂ ಹಾಳಾಗಿದ್ದು ನಾನು ನೋಡಿಲ್ಲ, ನಾಲ್ಕು ಲೈಕ್ ಕಮ್ಮಿ ಬರುತ್ತೆ ಅಷ್ಟೆ. ಹಾಳಾಗೋದು ಬೇರೆ ಕಾರಣಕ್ಕೆ.

ದೊಡ್ಡ ಊರಿನ ದೊಡ್ಡ ಬ್ರ್ಯಾಂಡ್‌ಗೂ ನಮ್ಮೂರಿನ ಅಂಗಡಿಗೂ ಒಂದು ವ್ಯತ್ಯಾಸ ಇದೆ, ಅದನ್ನ ಮೊದಲೇ ಹೇಳ್ಬಿಡ್ತೀನಿ. ದೊಡ್ಡ ಕಂಪನಿ ಎಡವಿದ್ರೆ ಎರಡು ದಿನ ಬೈತಾರೆ, ಮೂರನೇ ದಿನ ಅದೇ ಆ್ಯಪ್‌ನಲ್ಲಿ ಊಟ ಆರ್ಡರ್ ಮಾಡ್ತಾರೆ, ಯಾಕಂದ್ರೆ ಅಲ್ಲಿ ಬೈಸ್ಕೊಳ್ಳೋಕೆ ಒಂದು ಮುಖ ಇಲ್ಲ. ಹಾಸನದಲ್ಲಿ ಅಂಗಡಿ ಅಂದ್ರೆ ಕೌಂಟರ್ ಹಿಂದೆ ಕೂತಿರೋ ಮನುಷ್ಯ, ಅವನ ಮನೆಯವರು, ಅವನ ಮಗಳು ಓದೋ ಕಾಲೇಜು. ಪೋಸ್ಟ್ ಡಿಲೀಟ್ ಮಾಡಿದ್ರೂ ಸ್ಕ್ರೀನ್‌ಶಾಟ್ ಅಷ್ಟೊತ್ತಿಗೆ ಬಡಾವಣೆ ಗ್ರೂಪ್, ಸಂಘದ ಗ್ರೂಪ್, ನೆಂಟರ ಗ್ರೂಪ್ ಎಲ್ಲ ಸುತ್ತಿರುತ್ತೆ. ಆಮೇಲೆ ಅದು "ಬ್ರ್ಯಾಂಡ್ ಹಿಂಗಂತು" ಅಂತ ಉಳಿಯಲ್ಲ, "ಇಂಥೋರ ಮಗ ಹಿಂಗಂದ" ಅಂತ ಉಳಿಯುತ್ತೆ.

ಪೆನ್‌ಡ್ರೈವ್ ಆಫರ್

2024ರ ಏಪ್ರಿಲ್ ಕೊನೆ. ನಮ್ಮಲ್ಲಿ 26ಕ್ಕೆ ಲೋಕಸಭೆ ಮತದಾನ, ಅದರ ಆಸುಪಾಸಲ್ಲಿ ಊರೆಲ್ಲ ಪೆನ್‌ಡ್ರೈವ್‌ದೇ ಮಾತು, ಒಬ್ಬ ರಾಜಕಾರಣಿ ಹೆಂಗಸರ ಮೇಲೆ ದೌರ್ಜನ್ಯ ಮಾಡಿದ ಅನ್ನೋ ಆರೋಪದ ವಿಡಿಯೋಗಳಿದ್ದ ಪೆನ್‌ಡ್ರೈವ್. ಏನು ಎತ್ತ ಅಂತ ನಾನು ಬಿಡಿಸಿ ಹೇಳೋದು ಬೇಡ, ಹಾಸನದೋರಿಗಂತೂ ಬೇಡವೇ ಬೇಡ. ವಾರದೊಳಗೆ ಪೆನ್‌ಡ್ರೈವ್ ಅನ್ನೋ ಪದವೇ ಮೀಮ್ ಆಗೋಯ್ತು. ಆಗ ಒಬ್ಬ ಪರಿಚಯದ ಹುಡುಗ, ಮೊಬೈಲ್ ಕಂಪ್ಯೂಟರ್ ಸಾಮಾನಿನ ಅಂಗಡಿ ಇಟ್ಟವನು, ನನಗೊಂದು ಡಿಸೈನ್ ಕಳಿಸಿದ. 32 ಜಿಬಿ ಪೆನ್‌ಡ್ರೈವ್ ಫೋಟೋ, ಮೇಲೆ "ಹಾಸನದಲ್ಲಿ ಈಗ ಭಾರಿ ಡಿಮ್ಯಾಂಡ್", ಕೆಳಗೆ ರೇಟು, ಫೋನ್ ನಂಬರು. "ಅಕ್ಕ, ಇದನ್ನ ಹಾಕಿದ್ರೆ ಪಕ್ಕಾ ವೈರಲ್" ಅಂದ. ವೈರಲ್ ಆಗ್ತಿತ್ತು, ಅದರಲ್ಲಿ ಅನುಮಾನ ಇರ್ಲಿಲ್ಲ. ಅವನು ಕೆಟ್ಟ ಹುಡುಗನೂ ಅಲ್ಲ. ಅವನ ಕಣ್ಣಿಗೆ ಬಿದ್ದಿದ್ದು ಒಂದು ರಾಜಕೀಯ ಗಲಾಟೆ, ಅದರ ಮೇಲೆ ಜನ ಮಾಡ್ತಿದ್ದ ತಮಾಷೆ, ಜೊತೆಗೆ ತನ್ನ ಅಂಗಡಿಯಲ್ಲಿ ಪೆನ್‌ಡ್ರೈವ್ ಇದೆ ಅನ್ನೋ ಕಾಕತಾಳೀಯ. ಇಷ್ಟೇ.

ನಾನು ಅವನಿಗೆ ಕೇಳಿದ್ದು, ಆ ಪೆನ್‌ಡ್ರೈವ್ ಒಳಗಿರೋದು ಯಾರು ಅಂತ. ಸ್ವಲ್ಪ ಹೊತ್ತು ಸುಮ್ನಿದ್ದ. ಮುಖ ಮಸುಕು ಕೂಡ ಮಾಡದೆ ಹರಿಬಿಟ್ಟಿದ್ದ ವಿಡಿಯೋಗಳು ಅವು. ಅದರಲ್ಲಿದ್ದ ಹೆಂಗಸರಲ್ಲಿ ಈ ಸುತ್ತಮುತ್ತಲವರೂ ಇದ್ದರು, ಎಷ್ಟೋ ಮನೆಗಳಲ್ಲಿ ಆ ವಾರ ಬಾಗಿಲು ತೆಗೀಲಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಅಂಥ ಮನೆಯ ಒಬ್ಬ ತಮ್ಮನೋ ಮಗನೋ ಚಾರ್ಜರ್ ತಗೊಳ್ಳೋಕೆ ನಿನ್ನ ಅಂಗಡಿಗೆ ಬರಬಹುದು ಕಣೋ ಅಂದೆ. ಡಿಸೈನ್ ಅಲ್ಲಿಗೇ ನಿಂತಿತು.

ಇದೇ ನಡೆದಿದ್ದು ಅಮೆರಿಕದಲ್ಲಿ, ಇದಕ್ಕಿಂತ ಹತ್ತು ವರ್ಷ ಹಿಂದೆ. 2014ರ ಸೆಪ್ಟೆಂಬರ್‌ನಲ್ಲಿ ಅಲ್ಲಿಯ ಒಬ್ಬ ಫುಟ್‌ಬಾಲ್ ಆಟಗಾರ, ರೇ ರೈಸ್, ಲಿಫ್ಟ್ ಒಳಗೆ ತಾನು ಮದುವೆಯಾಗಬೇಕಿದ್ದ ಹುಡುಗಿಗೆ ಹೊಡೆದ ವಿಡಿಯೋ ಹೊರಗೆ ಬಂತು. ಹೊಡೆತ ತಿಂದೂ ಅವನ್ನ ಬಿಡದೆ ಯಾಕೆ ಇದ್ದಳು ಅಂತ ಜನ ಕೇಳಿದ್ದಕ್ಕೆ, ಅಂಥದ್ದನ್ನ ಅನುಭವಿಸಿದ ಸಾವಿರಾರು ಹೆಂಗಸರು #WhyIStayed ಅನ್ನೋ ಹ್ಯಾಶ್‌ಟ್ಯಾಗ್ ಹಾಕಿ ತಾವ್ಯಾಕೆ ಇದ್ವಿ ಅಂತ ಬರೆದ್ರು. ಡಿಜಿಯೋರ್ನೊ ಅನ್ನೋ ಪಿಜ್ಜಾ ಕಂಪನಿಯವರು ಅದು ಯಾಕೆ ಟ್ರೆಂಡ್ ಆಗ್ತಿದೆ ಅಂತ ನೋಡ್ಲೇ ಇಲ್ಲ. ಅದೇ ಹ್ಯಾಶ್‌ಟ್ಯಾಗ್ ಹಾಕಿ, ಪಿಜ್ಜಾ ಇತ್ತಲ್ಲ ಅದಕ್ಕೆ, ಅನ್ನೋ ಅರ್ಥದ ಒಂದು ಸಾಲು ಬಿಟ್ರು. ಬೇಗನೆ ತೆಗೆದ್ರು, ಕೋಪದಲ್ಲಿ ಬರೆದವರಿಗೆ ಒಬ್ಬೊಬ್ಬರಿಗೇ ಉತ್ತರ ಕೊಟ್ಟು ಕ್ಷಮೆ ಕೇಳಿದ್ರು. ಆದ್ರೂ ಈ ಕೆಲಸ ಕಲಿಸೋ ಕಡೆಯೆಲ್ಲ ಇವತ್ತಿಗೂ ಇದರ ಮಾತು ಬಂದೇ ಬರುತ್ತೆ.

ಅವರು ಮಾಡದೆ ಬಿಟ್ಟ ಕೆಲಸ ಐದು ನಿಮಿಷದ್ದು. ಟ್ರೆಂಡ್ ಲಿಸ್ಟ್‌ನಲ್ಲಿ ಪದ ಮಾತ್ರ ಕಾಣುತ್ತೆ, ಅದರ ಹಿಂದೆ ಇರೋ ಜನ ಕಾಣಲ್ಲ. ಅದಕ್ಕೆ ನಾನು ಯಾವ ಹ್ಯಾಶ್‌ಟ್ಯಾಗ್, ಯಾವ ಆಡಿಯೋ ಆದ್ರೂ ಮುಟ್ಟಿ ಒಳಗೆ ಹೋಗ್ತೀನಿ. ಮೇಲೆ ಬರೋ ಫೇಮಸ್ ಪೋಸ್ಟ್ ಅಲ್ಲ, ಆಗ ತಾನೆ ಹಾಕಿರೋ ಹೊಸ ಪೋಸ್ಟ್‌ಗಳನ್ನ ಒಂದು ಇಪ್ಪತ್ತು ಓದ್ತೀನಿ, ಅವುಗಳ ಕೆಳಗಿನ ಕಾಮೆಂಟ್ ಓದ್ತೀನಿ. ಹೊಸದನ್ನೇ ಓದಬೇಕು ಯಾಕಂದ್ರೆ ಬೆಳಿಗ್ಗೆ ತಮಾಷೆಯಾಗಿದ್ದ ವಿಷಯ ಮಧ್ಯಾಹ್ನಕ್ಕೆ ಬೇರೆ ಆಗಿರುತ್ತೆ, ಫೇಮಸ್ ಪೋಸ್ಟ್ ಮಾತ್ರ ಬೆಳಗ್ಗಿಂದೇ ತೋರಿಸ್ತಾ ಇರುತ್ತೆ. ಆಮೇಲೆ ಮೀಮ್‌ನಲ್ಲಿ ಇರೋ ಮುಖ ಯಾರದ್ದು ಅಂತ ಹುಡುಕ್ತೀನಿ. ಅದು ನಟನೋ ರಾಜಕಾರಣಿಯೋ ಆದ್ರೆ ಒಂದು ಲೆಕ್ಕ. ಯಾವುದೋ ಹಳ್ಳಿ ಅಜ್ಜಿ, ಜಗಳದಲ್ಲಿ ಅಳ್ತಿರೋ ಹುಡುಗ, ಕುಡಿದು ಬಿದ್ದ ಮನುಷ್ಯ ಆದ್ರೆ ಅವರ ಮುಖ ಇಟ್ಕೊಂಡು ನಮ್ಮ ಸಾಮಾನು ಮಾರೋಕೆ ಅವರು ಒಪ್ಪಿಲ್ಲ, ಅಲ್ಲಿಗೆ ಮುಗೀತು, ಆ ಮೀಮ್ ನಮಗಲ್ಲ.

ಜೂನ್ 3ರ ರಾತ್ರಿ, ಜೂನ್ 4ರ ಸಂಜೆ

ಈಗ ಕಾಫಿ ಅಂಗಡಿ ಕಥೆಗೆ ಬರ್ತೀನಿ, ಯಾಕಂದ್ರೆ ಪೆನ್‌ಡ್ರೈವ್ ವಿಷಯದಲ್ಲಿ ಬೇಡ ಅನ್ನೋದು ಸುಲಭ ಇತ್ತು. ಇಲ್ಲಿ ಎಲ್ಲವೂ ಸರಿ ಇತ್ತು, ಹಾಕ್ಲೇಬೇಕಾದ ಟ್ರೆಂಡ್ ಅದು, ಆದ್ರೂ ಸಂಜೆ ಹೊತ್ತಿಗೆ ಅಪಾಯ ಆಗೋಯ್ತು.

2025ರ ಐಪಿಎಲ್ ಫೈನಲ್ ಜೂನ್ 3ಕ್ಕೆ ಅಹಮದಾಬಾದಲ್ಲಿ. ಆರ್‌ಸಿಬಿ ಫೈನಲ್‌ಗೆ ಬಂದ ತಕ್ಷಣ ಅಂಗಡಿ ಯಜಮಾನರ ಮಗ ಫೋನ್ ಮಾಡಿದ. ಹದಿನೆಂಟು ವರ್ಷದಿಂದ ಕಪ್ ಕಪ್ ಅಂತ ಕಾಯ್ತಿರೋ ರಾಜ್ಯದಲ್ಲಿ ಒಂದು ಕಾಫಿ ಅಂಗಡಿಗೆ ಇದಕ್ಕಿಂತ ಸಹಜವಾದ ಟ್ರೆಂಡ್ ಸಿಗಲ್ಲ, ಕಪ್ ಅಂದ್ರೆ ನಮ್ದೇ ಸಾಮಾನು. ಟ್ರೆಂಡ್‌ಗೂ ನಮಗೂ ಏನು ಸಂಬಂಧ ಅನ್ನೋದಕ್ಕೆ ನನ್ನ ಪರೀಕ್ಷೆ ಸರಳ. ಗಿರಾಕಿ ಕೌಂಟರ್‌ನಲ್ಲಿ ನಿಂತು ಪುಡಿ ಬೀಸೋವರೆಗೆ ಕಾಯ್ತಾ ಈ ಮಾತನ್ನ ತಾನೇ ಆಡ್ತಾನಾ? ಆಡ್ತಾನೆ ಅಂದ್ರೆ ಅಂಗಡಿಯವರೂ ಆಡಬಹುದು. ಆ ವಾರ ಅಂಗಡಿಗೆ ಬಂದೋರೆಲ್ಲ ಮ್ಯಾಚ್ ವಿಷಯವೇ ಮಾತಾಡ್ತಿದ್ರು. ಹಂಗಾಗಿ ಹಾಕೋಣ ಅಂತ ತೀರ್ಮಾನ ಆಯ್ತು.

ಏನು ಹಾಕೋದು ಅನ್ನೋದರಲ್ಲಿ ಚರ್ಚೆ ಆಯ್ತು. ಹುಡುಗನ ಆಸೆ ಕೊಹ್ಲಿ ಫೋಟೋ, ಕೈಯಲ್ಲಿ ಕಪ್ ಬದಲು ನಮ್ಮ ಕಾಫಿ ಲೋಟ. ಬೇಡ ಅಂದೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸಿಂಧು ಕಂಚು ಗೆದ್ದಾಗ ಆಕೆಗೆ ಸ್ಪಾನ್ಸರ್ ಅಲ್ಲದ ಎಷ್ಟೋ ಬ್ರ್ಯಾಂಡ್‌ಗಳು ಆಕೆಯ ಫೋಟೋ, ತಮ್ಮ ಲೋಗೋ ಹಾಕಿ ಅಭಿನಂದನೆ ಪೋಸ್ಟ್ ಮಾಡಿದ್ವು. ಆಕೆಯ ವ್ಯವಹಾರ ನೋಡ್ಕೊಳ್ಳೋ ಬೇಸ್‌ಲೈನ್ ವೆಂಚರ್ಸ್ ಅವರಿಗೆಲ್ಲ ಲೀಗಲ್ ನೋಟಿಸ್ ಕಳಿಸ್ತು. ಬರೀ ಅಭಿನಂದನೆ ತಾನೇ ಅಂತ ಅವರೆಲ್ಲ ಅಂದ್ಕೊಂಡಿದ್ರು, ಆದ್ರೆ ಪಕ್ಕದಲ್ಲಿ ಲೋಗೋ ಬಂದ ತಕ್ಷಣ ಅದು ಜಾಹೀರಾತು. ಹಾಸನದ ಅಂಗಡಿನ ಯಾರು ಹುಡುಕ್ಕೊಂಡು ಬರ್ತಾರೆ ಅಂತ ಹುಡುಗ ಕೇಳಿದ. ಬರದೇ ಇರಬಹುದು. ಆದ್ರೆ ಆ ಮುಖಕ್ಕೆ ಕೋಟಿಗಟ್ಟಲೆ ಕೊಟ್ಟವರು ಇದ್ದಾರೆ, ನಾವು ಒಂದು ರೂಪಾಯಿ ಕೊಡದೆ ಅದನ್ನ ಅಂಗಡಿ ಬೋರ್ಡ್ ಮಾಡ್ಕೊಳ್ಳೋದು ಸಿಕ್ಕಿ ಬೀಳ್ತೀವೋ ಇಲ್ವೋ ಅನ್ನೋ ಲೆಕ್ಕದ ಮೇಲೆ ನಿಲ್ಲಬಾರದು ಅನ್ನೋದು ನನ್ನ ಅಭಿಪ್ರಾಯ. ಆಟಗಾರರ ಮುಖ ಇಲ್ಲ, ತಂಡದ ಲೋಗೋ ಇಲ್ಲ, ಜೆರ್ಸಿ ಇಲ್ಲ. ಒಂದು ಹಿತ್ತಾಳೆ ಲೋಟ, ನೊರೆ ಕಾಫಿ, ಮೇಲೆ ಎರಡು ಸಾಲು: "ಕಪ್ ನಮ್ದಾಯ್ತು. ಕಾಫಿ ಮೊದಲಿಂದಲೂ ನಮ್ದೇ." ಹಾಡೂ ಹಾಕ್ಲಿಲ್ಲ. ಬಿಸಿನೆಸ್ ಅಕೌಂಟ್‌ಗೆ ಇನ್‌ಸ್ಟಾಗ್ರಾಮ್ ಸಿನಿಮಾ ಹಾಡುಗಳನ್ನ ಪೂರ್ತಿ ಬಿಡಲ್ಲ, ಪರ್ಸನಲ್ ಅಕೌಂಟ್ ಮಾಡ್ಕೊಂಡು ಹಾಕಿದ್ರೂ ಅಂಥ ರೀಲ್ಸನ್ನ ದುಡ್ಡು ಕೊಟ್ಟು ಬೂಸ್ಟ್ ಮಾಡೋಕೆ ಹೋದ್ರೆ ಆಗಲ್ಲ ಅನ್ನುತ್ತೆ. ಪ್ರಚಾರಕ್ಕೆ ಆ ಹಾಡಿನ ಹಕ್ಕು ನಮಗಿಲ್ಲ ಅಂತ ಅವರೇ ಹೇಳ್ತಿರೋದು ಅದು.

ಆಫರ್ ವಿಷಯದಲ್ಲಿ ಯಜಮಾನರೇ ಕೂತ್ಕೊಂಡ್ರು. ಹದಿನೆಂಟು ವರ್ಷ, ಕೊಹ್ಲಿ ನಂಬರ್ 18, ಅದಕ್ಕೆ 18 ಪರ್ಸೆಂಟ್ ಬಿಡೋಣ ಅಂತ ಹುಡುಗ. ಯಜಮಾನ್ರು ಲೆಕ್ಕದ ಪುಸ್ತಕ ಮುಚ್ಚಿ, "ಬೀಜದ ರೇಟ್ ಎಲ್ಲೈತೆ ನೋಡಿದೀಯೇನೋ, ಹದಿನೆಂಟು ಪರ್ಸೆಂಟ್ ಬಿಟ್ರೆ ಕೈಯಿಂದ ಹಾಕ್ಬೇಕಾಗ್ತದೆ" ಅಂದ್ರು. ಸರಿಯಾದ ಮಾತು. ಆ ವರ್ಷ ಕಾಫಿ ಬೆಲೆ ಆಕಾಶಕ್ಕೆ ಹೋಗಿತ್ತು. ಪೋಸ್ಟ್ ಓಡದೇ ಇದ್ರೆ ಏನು ಅಂತ ಎಲ್ಲರೂ ಯೋಚಿಸ್ತಾರೆ, ನಿಜವಾಗಿ ಓಡಿಬಿಟ್ರೆ ಏನು ಗತಿ ಅಂತ ಯೋಚಿಸೋರು ಕಮ್ಮಿ. ಕೊನೆಗೆ ಅರ್ಧ ಕೆಜಿಗೆ 18 ರೂಪಾಯಿ ಕಮ್ಮಿ, ಜೂನ್ 4 ಒಂದೇ ದಿನ, ಅಂತ ಆಯ್ತು. ಎಷ್ಟು ಜನ ಬಂದ್ರೂ ತಡ್ಕೊಳ್ಳೋ ಆಫರ್ ಅದು. ಸೋತ್ರೆ ಏನು ಹಾಕೋದು ಅಂತ ಹುಡುಗ ಇನ್ನೊಂದು ಡಿಸೈನ್ ಮಾಡಿಟ್ಟಿದ್ದ, "ಕಪ್ ಹೋದ್ರೇನು ಕಾಫಿ ಇದೆಯಲ್ಲ" ಅಂತ. ಅದನ್ನ ಬೇಡ ಅಂದ್ವಿ. ಸೋತ ರಾತ್ರಿ ಅಭಿಮಾನಿಗೆ ಅಂಗಡಿಯವನ ಸಮಾಧಾನ ಬೇಕಿರಲ್ಲ, ಸೋತ್ರೆ ಸುಮ್ನಿರೋದು ಅಂತ ಮೊದಲೇ ಮಾತಾಯ್ತು.

ಗೆದ್ರು, ಆರು ರನ್ನಿಂದ. ಆ ರಾತ್ರಿ ಹಾಸನದಲ್ಲಿ ಯಾರೂ ಮಲಗಿರ್ಲಿಲ್ಲ ಅನ್ಸುತ್ತೆ. ಬೆಳಿಗ್ಗೆ ಏಳಕ್ಕೆ ಲೋಟದ ಪೋಸ್ಟ್ ಹೋಯ್ತು. ಚೆನ್ನಾಗೇ ಓಡ್ತು, ಜನ ಸ್ಟೇಟಸ್‌ಗೆ ಹಾಕ್ಕೊಂಡ್ರು, ಹನ್ನೊಂದು ಗಂಟೆಗೆ ಅಂಗಡಿ ಮುಂದೆ ಕ್ಯೂ. ಇನ್ನೂರು ರೂಪಾಯಿ ಹಾಕಿ ಹಾಸನ ಊರೊಳಗೆ ಮಾತ್ರ ಕಾಣೋ ಹಂಗೆ ಬೂಸ್ಟ್ ಕೊಟ್ವಿ. ಮಧ್ಯಾಹ್ನ ಹುಡುಗ ಆ ಕ್ಯೂದು ಒಂದು ವಿಡಿಯೋ ತೆಗೆದು ರೀಲ್ಸ್ ಮಾಡಿದ. ಬೆಂಗಳೂರಲ್ಲಿ ವಿಜಯೋತ್ಸವಕ್ಕೆ ಜನ ಸೇರ್ತಿರೋ ದೃಶ್ಯ ಟಿವಿಯಲ್ಲಿ ಬರ್ತಿತ್ತಲ್ಲ, ಅದರ ಜೊತೆ ಹೋಲಿಸಿ, "ಅಲ್ಲೂ ನೂಕುನುಗ್ಗಲು, ಇಲ್ಲೂ ನೂಕುನುಗ್ಗಲು" ಅಂತ ಬರಹ. ಸಂಜೆ ಆರೂವರೆಗೆ, ಜನ ಕೆಲಸ ಮುಗಿಸಿ ಫೋನ್ ನೋಡೋ ಹೊತ್ತಿಗೆ, ಹೋಗೋ ಹಂಗೆ ಶೆಡ್ಯೂಲ್ ಮಾಡಿಟ್ಟ.

ಅವನು ಅದನ್ನ ಬರೆದಾಗ ಅದರಲ್ಲಿ ತಪ್ಪೇನೂ ಇರ್ಲಿಲ್ಲ. ಐದು ಗಂಟೆ ಆಸುಪಾಸಿಗೆ ಚಿನ್ನಸ್ವಾಮಿ ಸ್ಟೇಡಿಯಂ ಹತ್ರ ಕಾಲ್ತುಳಿತ, ಜನ ಸತ್ತಿದ್ದಾರೆ ಅಂತ ಸುದ್ದಿ ಬರೋಕೆ ಶುರುವಾಯ್ತು. ಮೊದಲು ಒಂದು ಎರಡು ಅಂದ್ರು, ರಾತ್ರಿ ಹೊತ್ತಿಗೆ ಹನ್ನೊಂದು. ಎಲ್ಲ ಎಳೆ ವಯಸ್ಸಿನೋರೇ ಹೆಚ್ಚು. ಸತ್ತೋರಲ್ಲಿ ನಮ್ಮ ಹಾಸನ ಜಿಲ್ಲೆಯವರೂ ಇದ್ರು ಅಂತ ಆಮೇಲೆ ಗೊತ್ತಾಯ್ತು. ಆ ರೀಲ್ಸ್‌ನಲ್ಲಿ ಒಂದಕ್ಷರ ಬದಲಾಗಿಲ್ಲ, ಅದೇ ವಿಡಿಯೋ, ಅದೇ ಬರಹ, ಆದ್ರೆ ಆರೂವರೆಗೆ ಅದು ಹೋಗಿದ್ರೆ ಹಾಸನದಲ್ಲಿ ಆ ಅಂಗಡಿ ಹೆಸರು ಏನಾಗ್ತಿತ್ತು ಅಂತ ನೆನೆಸ್ಕೊಂಡ್ರೆ ಈಗಲೂ ಮೈ ಝುಂ ಅನ್ನುತ್ತೆ.

ಮೊದಲ ಸುದ್ದಿ ನೋಡಿದ ತಕ್ಷಣ ಮಾಡಿದ್ದು ಇಷ್ಟು, ಇದನ್ನ ವಿವರವಾಗೇ ಹೇಳ್ತೀನಿ, ಯಾಕಂದ್ರೆ ಬಹಳ ಜನ ಮೊದಲನೆಯದನ್ನ ಮಾಡಿ ಉಳಿದಿದ್ದು ಮರೀತಾರೆ. Meta Business Suite ತೆರೆದು Planner ಒಳಗೆ ಇದ್ದ ಆರೂವರೆ ರೀಲ್ಸ್ ತೆಗೆದು ಡ್ರಾಫ್ಟ್‌ಗೆ ಹಾಕಿದೆ. ಅದರ ಜೊತೆಗೇ ಮಾರನೇ ದಿನಕ್ಕೆ ಇಟ್ಟಿದ್ದ ಬೇರೆ ಪೋಸ್ಟನ್ನೂ ತೆಗೆದೆ, ಅದಕ್ಕೂ ಕ್ರಿಕೆಟ್‌ಗೂ ಸಂಬಂಧ ಇಲ್ಲದಿದ್ರೂ ನಗೋ ಪೋಸ್ಟ್ ಅದು. ಆಮೇಲೆ ಬೂಸ್ಟ್. ಪೋಸ್ಟ್ ಬೆಳಿಗ್ಗೆದೇ ಆಗಿರಬಹುದು, ಆದ್ರೆ ದುಡ್ಡು ಕೊಟ್ಟ ಜಾಹೀರಾತು ಇನ್ನೂ ಹೊಸ ಹೊಸ ಜನರಿಗೆ ತೋರಿಸ್ತಾನೇ ಇರುತ್ತೆ, ಸಾವಿನ ಸುದ್ದಿ ಪಕ್ಕದಲ್ಲೇ "ಕಪ್ ನಮ್ದಾಯ್ತು" ಅಂತ. ಅದನ್ನ ಆಫ್ ಮಾಡಿದೆ. ಬೆಳಗ್ಗಿನ ಪೋಸ್ಟನ್ನ ಡಿಲೀಟ್ ಮಾಡದೆ ಆರ್ಕೈವ್ ಮಾಡಿದೆ, ಅದು ತಪ್ಪು ಪೋಸ್ಟ್ ಅಲ್ಲ, ಆ ಸಂಜೆಗೆ ಅಲ್ಲ ಅಷ್ಟೆ, ಆರ್ಕೈವ್ ಮಾಡಿದ್ರೆ ಜನ ಬರೆದಿದ್ದ ಕಾಮೆಂಟ್ ಎಲ್ಲ ಉಳಿಯುತ್ತೆ. ಆಮೇಲೆ ಅಂಗಡಿ ಫೋನಿನ ವಾಟ್ಸಾಪ್ ಸ್ಟೇಟಸ್, ಯಜಮಾನರ ಫೋನಿನ ಸ್ಟೇಟಸ್, ಕೊನೆಗೆ ಅಂಗಡಿ ಬಾಗಿಲಿನ ಪ್ರಿಂಟ್ ತೆಗೆದ ಪೋಸ್ಟರ್. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಆಗಿದ್ದು ಹೆಂಗೆ ಅಂದ್ರೆ ಯಾವ ಅಕೌಂಟ್ ಪಾಸ್‌ವರ್ಡ್ ಯಾರ ಹತ್ರ ಇದೆ, ಯಾವ ಪೋಸ್ಟ್ ಎಲ್ಲೆಲ್ಲಿ ಹೋಗಿದೆ ಅಂತ ಒಂದು ಹಾಳೆಯಲ್ಲಿ ಬರೆದಿತ್ತು. ಸೆಂಟ್ ಆದ ಬ್ರಾಡ್‌ಕಾಸ್ಟ್ ಮೆಸೇಜ್ ಮಾತ್ರ ಓದಿದವರು ಓದಾಗಿರುತ್ತೆ, ಅದಕ್ಕೇ ಟ್ರೆಂಡ್ ಪೋಸ್ಟನ್ನ ನಾನು ಬ್ರಾಡ್‌ಕಾಸ್ಟ್‌ಗೆ ಹಾಕೋದೇ ಇಲ್ಲ.

ರಾತ್ರಿ ಹುಡುಗ ಕೇಳಿದ, "ಅಕ್ಕ, ಭಾವಪೂರ್ಣ ಶ್ರದ್ಧಾಂಜಲಿ ಅಂತ ಒಂದು ಹಾಕೋದಾ?" ಕಪ್ಪು ಹಿನ್ನೆಲೆ, ದೀಪ, ಕೆಳಗೆ ಅಂಗಡಿ ಲೋಗೋ, ಎರಡು ಫೋನ್ ನಂಬರ್. ಅವನ ಮನಸ್ಸಿನ ಸಂಕಟ ನಿಜವಾದದ್ದೇ, ಅದನ್ನ ನಾನು ಅನುಮಾನಿಸಲ್ಲ. ಆದ್ರೆ ಬೆಳಿಗ್ಗೆ ಆಫರ್ ಕೊಟ್ಟ ಅದೇ ಜಾಗದಲ್ಲಿ ರಾತ್ರಿ ಲೋಗೋ ಹಾಕಿದ ದುಃಖ ಬಂದ್ರೆ ಓದೋರಿಗೆ ಅದೂ ಇನ್ನೊಂದು ಟ್ರೆಂಡ್ ಥರ ಕಾಣುತ್ತೆ. ನಿನಗೆ ಹೇಳ್ಬೇಕು ಅನ್ಸಿದ್ರೆ ನಿನ್ನ ಸ್ವಂತ ಅಕೌಂಟ್‌ನಲ್ಲಿ ಹೇಳು, ಅಂಗಡಿಯಿಂದ ಬೇಡ ಅಂದೆ. ಯಜಮಾನರು ಮಾರನೇ ದಿನ ಒಂದು ಕೆಲಸ ಮಾಡಿದ್ರು, ಬೋರ್ಡ್ ತೆಗೆದಿದ್ರೂ ಆಫರ್ ಕೇಳ್ಕೊಂಡು ಬಂದೋರಿಗೆ ಮಾತಾಡದೆ 18 ರೂಪಾಯಿ ಬಿಟ್ಟು ಕೊಟ್ರು. ಮಾತು ಕೊಟ್ಟಾಗಿತ್ತಲ್ಲ.

ಆ ಸಂಜೆ ನಂತರ ನಾನು ಇಟ್ಕೊಂಡ ನಿಯಮ ಒಂದೇ. ಟ್ರೆಂಡ್ ಪೋಸ್ಟನ್ನ ಶೆಡ್ಯೂಲ್ ಮಾಡೋದಿಲ್ಲ. ಹಬ್ಬದ ಶುಭಾಶಯ, ಹೊಸ ಸ್ಟಾಕ್ ಬಂತು ಅನ್ನೋದು ಶೆಡ್ಯೂಲ್ ಆಗಲಿ. ಇವತ್ತು ನಡೀತಿರೋ ವಿಷಯದ ಮೇಲೆ ಮಾತಾಡೋದಾದ್ರೆ ಹಾಕೋ ಹೊತ್ತಿಗೆ ಒಬ್ಬ ಮನುಷ್ಯ ಸುದ್ದಿ ನೋಡಿ, ಕೈಯಾರೆ ಒತ್ತಬೇಕು. ಹಾಕಿದ ಮೇಲೆ ಎರಡು ಗಂಟೆ ಕಾಮೆಂಟ್ ನೋಡ್ತಾ ಕೂರೋಕೆ ಯಾರೂ ಇಲ್ಲ ಅಂದ್ರೆ ಆ ದಿನ ಹಾಕೋದು ಬೇಡ.

ಎಣ್ಣೆ ಅಣ್ಣ ಬರೆದ ಪೋಸ್ಟರ್

ಅದೇ ಜೂನ್ ಕೊನೆ, ಜುಲೈ ಮೊದಲ ವಾರ. ಯಾವ ಚಾನೆಲ್ ಹಾಕಿದ್ರೂ "ಹಾಸನದಲ್ಲಿ ಹೃದಯಾಘಾತ". ಚಿಕ್ಕ ವಯಸ್ಸಿನವರು ಸತ್ತ ಸುದ್ದಿ ದಿನಾ. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ ಕ್ಯೂ ನಿಂತ್ರು. ಆಗ ಗಾಣದ ಎಣ್ಣೆ ಅಂಗಡಿ ಅಣ್ಣ ಪೇಪರ್‌ನಲ್ಲಿ ಕೈಯಲ್ಲೇ ಬರೆದು ಕಳಿಸಿದ್ರು: "ಹಾಸನದಲ್ಲಿ ಹೆಚ್ಚುತ್ತಿರುವ ಹೃದಯಾಘಾತ! ಕಾರಣ ರಿಫೈನ್ಡ್ ಎಣ್ಣೆ. ನಿಮ್ಮ ಹೃದಯ ಉಳಿಸಿಕೊಳ್ಳಿ, ಇಂದೇ ಗಾಣದ ಎಣ್ಣೆ ಬಳಸಿ."

ಇದು ಪೆನ್‌ಡ್ರೈವ್ ಥರ ಅಲ್ಲ. ಅಣ್ಣ ತಮಾಷೆ ಮಾಡ್ತಿರ್ಲಿಲ್ಲ, ಅವರು ಅದನ್ನ ನಂಬಿದ್ರು. ರಿಫೈನ್ಡ್ ಎಣ್ಣೆ ಬಿಟ್ಟು ಗಾಣ ಹಾಕಿದ್ದೇ ಆ ನಂಬಿಕೆ ಮೇಲೆ. "ಅಲ್ಲ ಕಣಮ್ಮ, ಜನಕ್ಕೆ ಒಳ್ಳೇದು ಹೇಳೋದ್ರಲ್ಲಿ ಏನು ತಪ್ಪು?" ಅಂದ್ರು. ಅಂಗಡಿಗೇ ಹೋಗಿ ಕೂತು ಮಾತಾಡಿದೆ, ಫೋನಲ್ಲಿ ಆಗೋ ಮಾತಲ್ಲ ಅದು.

ಅಣ್ಣ, ಸತ್ತವರು ಯಾಕೆ ಸತ್ರು ಅಂತ ಡಾಕ್ಟರೇ ಇನ್ನೂ ಹೇಳಿಲ್ಲ, ಸರ್ಕಾರ ಜಯದೇವ ನಿರ್ದೇಶಕರ ಮುಂದಾಳತ್ವದಲ್ಲಿ ಸಮಿತಿ ಮಾಡಿದೆ, ಕಾರಣ ಎಣ್ಣೆ ಅಂತ ನಾವು ಹೆಂಗೆ ಬರೆಯೋದು ಅಂದೆ. ಅದಕ್ಕೆ ಅವರ ಹತ್ರ ಉತ್ತರ ಇತ್ತು, ವಾಟ್ಸಾಪ್‌ನಲ್ಲಿ ಬಂದ ನಾಲ್ಕು ವಿಡಿಯೋ ತೋರಿಸಿದ್ರು. ಎರಡನೆಯದು ಕಾನೂನು. ಇದು ನಮ್ಮಲ್ಲಿ ತಿಂಡಿ ಎಣ್ಣೆ ಸಿರಿಧಾನ್ಯ ಮಾರೋರಿಗೆ ಬಹಳ ಜನಕ್ಕೆ ಗೊತ್ತೇ ಇಲ್ಲ. ಆಹಾರ ಪದಾರ್ಥ ಇಂಥ ಕಾಯಿಲೆ ತಡೆಯುತ್ತೆ, ವಾಸಿ ಮಾಡುತ್ತೆ ಅಂತ ಜಾಹೀರಾತಲ್ಲಿ ಹೇಳೋ ಹಾಗಿಲ್ಲ ಅಂತ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳಲ್ಲೇ ಇದೆ. ಅದಕ್ಕೂ ಹಳೇದು, ಔಷಧಿ ಅಂತ ಹೇಳ್ಕೊಂಡು ಮಾಡೋ ಸುಳ್ಳು ಪ್ರಚಾರ ತಡೆಯೋಕೆ 1954ರಲ್ಲೇ ಮಾಡಿದ ಕಾಯ್ದೆ, ಅದರ ಕಾಯಿಲೆಗಳ ಪಟ್ಟಿಯಲ್ಲಿ ಹೃದಯದ ಕಾಯಿಲೆ ಇದೆ. ಇನ್‌ಸ್ಟಾಗ್ರಾಮ್ ಪೋಸ್ಟ್ ಜಾಹೀರಾತಲ್ಲ ಅನ್ನೋಕಾಗಲ್ಲ, ಕೆಳಗೆ ರೇಟು ನಂಬರು ಇದೆಯಲ್ಲ. ಅಣ್ಣನ ಎಣ್ಣೆ ಡಬ್ಬದ ಮೇಲೇ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಪ್ರಿಂಟ್ ಆಗಿದೆ, ದೂರು ಕೊಡೋನಿಗೆ ಹುಡುಕೋ ಶ್ರಮವೂ ಇಲ್ಲ.

ಇಷ್ಟಕ್ಕೂ ಅಣ್ಣ ಅರ್ಧ ಮನಸ್ಸಲ್ಲೇ ಇದ್ರು. ಅಷ್ಟೊತ್ತಿಗೆ ಅವರ ಹೆಂಡತಿ ಒಳಗಿಂದ ಬಂದು, ಆ ವಾರ ತೀರಿಹೋದ ಒಬ್ಬರ ಮನೆಗೆ ತಾವೇ ಪ್ರತಿ ತಿಂಗಳು ಕಡಲೆಕಾಯಿ ಎಣ್ಣೆ ಕಳಿಸ್ತಿದ್ದಿದ್ದು ನೆನಪು ಮಾಡಿದ್ರು. "ಅವ್ರು ನಮ್ಮ ಎಣ್ಣೆನೇ ತಿಂತಿದ್ದಿದ್ದು, ಈಗ ಆ ಮನೆಯೋರು ಇದನ್ನ ಓದಿದ್ರೆ ಏನಂದ್ಕೊತಾರೆ?" ಅಂದ್ರು. ಅಣ್ಣ ಪೇಪರ್ ಮಡಚಿ ಜೇಬಲ್ಲಿ ಇಟ್ಕೊಂಡ್ರು. ನಾನು ಹೇಳಿದ ಎರಡೂ ಕಾರಣಕ್ಕಿಂತ ಅದು ಗಟ್ಟಿಯಾದದ್ದು.

ಜುಲೈನಲ್ಲೇ ಸಮಿತಿ ವರದಿ ಬಂತು. ಹಿಂದಿನ ಲೆಕ್ಕಕ್ಕೆ ಹೋಲಿಸಿದ್ರೆ ಹಾಸನದಲ್ಲಿ ಹೃದಯಾಘಾತ ಅಸಹಜವಾಗಿ ಏರಿಲ್ಲ ಅಂತ. ಅಂದ್ರೆ ಆ ಪೋಸ್ಟರ್‌ನ ಮೊದಲ ಸಾಲೇ ನಿಲ್ತಿರ್ಲಿಲ್ಲ. ಭಯದ ಟ್ರೆಂಡ್‌ನಲ್ಲಿ ಇದೊಂದು ಯಾವಾಗಲೂ ಇರುತ್ತೆ, ಸುದ್ದಿ ಮೊದಲು ಬರುತ್ತೆ, ಸತ್ಯ ಎಷ್ಟೋ ದಿನ ಆದ್ಮೇಲೆ ಬರುತ್ತೆ, ಮಧ್ಯದಲ್ಲಿ ಹಾಕಿದ ಪೋಸ್ಟ್ ಮಾತ್ರ ನಮ್ಮ ಹೆಸರಲ್ಲಿ ಅಲ್ಲೇ ಕೂತಿರುತ್ತೆ. ಸಾವು, ಕಾಯಿಲೆ, ಅಪಘಾತ, ಘಾಟಿಯಲ್ಲಿ ಗುಡ್ಡ ಕುಸಿತ, ಇವುಗಳ ಹತ್ರ ಮಾರೋ ಮಾತಿಗೆ ಜಾಗ ಇಲ್ಲ. ಶಿರಾಡಿ ಘಾಟಿ ರಸ್ತೆ ಬಂದ್ ಆದಾಗ ಹೋಂಸ್ಟೇಯವರು ಹಾಕಬೇಕಾದ್ದು ಯಾವ ರಸ್ತೆ ತೆರೆದಿದೆ, ಬುಕಿಂಗ್ ದುಡ್ಡು ವಾಪಸ್ ಹೆಂಗೆ ಅನ್ನೋದನ್ನ, "ಮಳೆಯಲ್ಲಿ ಸಿಕ್ಕಾಕ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ" ಅನ್ನೋ ಮೀಮ್‌ನಲ್ಲ.

ಹಾಗಾದ್ರೆ ಯಾವಾಗ

ಇಷ್ಟೆಲ್ಲ ಓದಿ ಟ್ರೆಂಡೇ ಬೇಡ ಅಂತ ನಾನು ಹೇಳ್ತಿದೀನಿ ಅನ್ಕೋಬೇಡಿ. ಲೋಟದ ಪೋಸ್ಟ್‌ನಂಥದ್ದು ನನಗೆ ನಿಜವಾಗಿ ಖುಷಿ ಕೊಡುತ್ತೆ, ಊರೆಲ್ಲ ಒಂದೇ ವಿಷಯಕ್ಕೆ ನಗ್ತಿರುವಾಗ ಅಂಗಡಿಯವನೂ ಜೊತೆಗೆ ನಕ್ಕರೆ ಗಿರಾಕಿಗೆ ಇಷ್ಟ ಆಗುತ್ತೆ. "ಅಮುಲ್‌ನವರು ಎಲ್ಲದರ ಮೇಲೂ ಹಾಕ್ತಾರಲ್ಲ" ಅಂತ ಬಹಳ ಜನ ಕೇಳ್ತಾರೆ. ಅಮುಲ್ ಹುಡುಗಿ 1960ರ ದಶಕದಿಂದ ಹೋರ್ಡಿಂಗ್ ಮೇಲೆ ಮಾತಾಡ್ಕೊಂಡು ಬಂದವಳು, ಅವಳು ಏನಂತಾಳೆ ಅಂತ ಕಾಯೋ ಜನ ಇದ್ದಾರೆ, ಅವರು ಫೋಟೋ ಹಾಕಲ್ಲ, ಕೈಯಲ್ಲಿ ಚಿತ್ರ ಬರೀತಾರೆ. ನಮ್ಮ ಬೇಕರಿ ಏನಂತದೆ ಅಂತ ಯಾರೂ ಕಾಯ್ತಿಲ್ಲ, ಹಾಕದೇ ಇದ್ದ ಟ್ರೆಂಡ್‌ಗೆ "ಯಾಕೆ ಹಾಕಿಲ್ಲ" ಅಂತ ಒಬ್ಬ ಗಿರಾಕಿಯೂ ಕೇಳಿಲ್ಲ. ಇದನ್ನ ಮನಸ್ಸಿಗೆ ತಂದ್ಕೊಂಡ್ರೆ ಅರ್ಧ ಆತುರ ಹಂಗೇ ಇಳಿಯುತ್ತೆ.

ಇನ್ನೊಂದು ಮಾತು ಹೊತ್ತಿನ ಬಗ್ಗೆ. ಟ್ರೆಂಡ್ ಹಳೇದಾಯ್ತಾ ಅಂತ ನೋಡೋಕೆ ಬೆಂಗಳೂರಿನ ಮೀಮ್ ಪೇಜ್ ನೋಡಬೇಡಿ, ನಿಮ್ಮ ಗಿರಾಕಿ ಎಲ್ಲಿದ್ದಾನೆ ಅಲ್ಲಿ ನೋಡಿ. ಇಂಜಿನಿಯರಿಂಗ್ ಕಾಲೇಜ್ ಹುಡುಗರು ಬರೋ ಬೇಕರಿಗೆ ಎರಡೇ ದಿನ, ಅವರು ಮೂಲ ಮೀಮ್ ಬಿಟ್ಟು ಅದನ್ನೇ ಆಡಿಕೊಳ್ಳೋ ಮೀಮ್ ಮಾಡೋಕೆ ಶುರು ಮಾಡಿದ್ರೆ ಮುಗೀತು. ಕಾಫಿ ಅಂಗಡಿಯ ವಾಟ್ಸಾಪ್ ಗಿರಾಕಿಗಳು ಐವತ್ತು ದಾಟಿದವರು, ಅವರ ಗ್ರೂಪ್‌ಗೆ ಅದು ಬರೋದೇ ನಾಲ್ಕೈದು ದಿನ ಆದ್ಮೇಲೆ. ಅಂದ್ರೆ ಅಲ್ಲಿ ಕಾಯೋಕೆ ಸಮಯ ಇದೆ, ಕಾದಷ್ಟೂ ವಿಷಯ ಯಾವ ಕಡೆ ತಿರುಗುತ್ತೆ ಅಂತ ಕಾಣುತ್ತೆ. ಅವಸರದಲ್ಲಿ ಓಡೋ ದೊಡ್ಡ ಬ್ರ್ಯಾಂಡ್‌ಗಿಲ್ಲದ ಅನುಕೂಲ ಅದು.

ಹಾಸನಾಂಬೆ ಬಾಗಿಲು ತೆಗೆಯೋ ದಿನಗಳು ಬಂದ್ರೆ ಇಡೀ ಊರೇ ಟ್ರೆಂಡ್. ಕ್ಯೂ ಮೇಲೆ, ಪಾಸ್ ಮೇಲೆ, ವಿಐಪಿಗಳ ಮೇಲೆ ಮೀಮ್ ಸುರಿಮಳೆ. ಕಾಫಿ ಹುಡುಗ ಕ್ಯೂದು ಮೀಮ್ ಕಳಿಸಿದ್ದ, ಉದ್ದ ಸಾಲು, ಕೊನೆಯಲ್ಲಿ ನಮ್ಮ ಅಂಗಡಿ. 2023ರಲ್ಲಿ ಅದೇ ಕ್ಯೂನಲ್ಲಿ ಕರೆಂಟ್ ವೈರ್ ಹರಿದು ಜನ ಗಾಬರಿಯಲ್ಲಿ ಓಡಿ ಬಿದ್ದು ಗಾಯ ಆಗಿತ್ತು, ಅದನ್ನ ಅವನಿಗೆ ನೆನಪು ಮಾಡೋ ಮುಂಚೆನೇ ಅವನೇ ಇನ್ನೊಂದು ಕಳಿಸಿದ. ರಾತ್ರಿ ಕ್ಯೂ ನಿಂತವರಿಗೆ ಅಂಗಡಿ ಎಷ್ಟೊತ್ತಿನವರೆಗೆ ತೆರೆದಿರುತ್ತೆ, ಕುಡಿಯೋ ನೀರು ಎಲ್ಲಿ ಸಿಗುತ್ತೆ, ಕೆಳಗೆ ಸಣ್ಣದಾಗಿ ಒಂದು ಬಿಸಿ ಕಾಫಿ ಲೋಟ. ದೇವಿ ಫೋಟೋ ಇಲ್ಲ, ಜನಜಂಗುಳಿ ವಿಡಿಯೋ ಇಲ್ಲ. ಬೆಳಿಗ್ಗೆ ಅವನೇ ಸುದ್ದಿ ನೋಡಿ ಹಾಕಿದ, ಮಧ್ಯಾಹ್ನದವರೆಗೆ ಕಾಮೆಂಟ್‌ಗೆ ಉತ್ತರ ಕೊಡೋ ಪಾಳಿ ಅವನದ್ದು, ಆಮೇಲೆ ನಂದು.